ಹಬ್ಬದ ನೌಕರಿಯ ಬೋರ್ಡು: ಸಂಬಳದ ಅಂಕಿಯ ಹಿಂದಿರುವ ಲೆಕ್ಕ

ಮಹಾಲಯ ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಪೇಟೆ ಬೀದಿಯ ಅಂಗಡಿಗಳ ಗಾಜಿನ ಮೇಲೆ ಕಾಗದಗಳು ಅಂಟಿಕೊಳ್ಳತೊಡಗುತ್ತವೆ. ‘ಹುಡುಗರು, ಹುಡುಗಿಯರು ಬೇಕಾಗಿದ್ದಾರೆ. ಆಕರ್ಷಕ ಸಂಬಳ. ಒಳಗೆ ವಿಚಾರಿಸಿ.’ ಈಗ ಅದೇ ಮಾತು ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲೂ ಬರುತ್ತದೆ, ‘ತಿಂಗಳಿಗೆ 18,000ದವರೆಗೆ’ ಎಂಬ ಅಂಕಿಯೊಂದನ್ನು ಸೇರಿಸಿಕೊಂಡು. ಡಿಗ್ರಿ ಓದುತ್ತಿರುವವರು, ಪಿಯುಸಿ ಮುಗಿಸಿ ಮನೆಯಲ್ಲಿರುವವರು, ಮಕ್ಕಳನ್ನು ಶಾಲೆಗೆ ಕಳಿಸಿ ನಾಲ್ಕು ಕಾಸು ದುಡಿಯಲು ನೋಡುವ ತಾಯಂದಿರು ಆ ಅಂಕಿಯನ್ನು ನೋಡಿಕೊಂಡೇ ಒಳಗೆ ಹೋಗುತ್ತಾರೆ. ಆದರೆ ಆ ಅಂಕಿಯೊಂದರಿಂದಲೇ ಯಾವುದನ್ನೂ ತೀರ್ಮಾನಿಸಲಾಗದು. ಎಷ್ಟು ಗಂಟೆಗೆ, ಎಷ್ಟು ದಿನಕ್ಕೆ, ಯಾವತ್ತಿನಿಂದ ಯಾವತ್ತಿನವರೆಗೆ, ದುಡ್ಡು ಕೈಗೆ ಬರುವುದು ಯಾವಾಗ ಎಂಬುದು ಅದರ ಪಕ್ಕದಲ್ಲೇ ಬರೆದಿರಬೇಕು.

ಎರಡು ಬೋರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದರಲ್ಲಿ 18,000 ಇದೆ. ಒಳಗೆ ಹೋಗಿ ವಿಚಾರಿಸಿದರೆ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯುವುದು, ರಾತ್ರಿ ಒಂಬತ್ತೂವರೆಗೆ ಹಾಕುವುದು, ಊಟ ಕೌಂಟರಿನ ಹಿಂದೆ ಕೂತು ಹತ್ತು ನಿಮಿಷದಲ್ಲಿ, ಸೀಸನ್ ಮುಗಿಯುವವರೆಗೆ ರಜೆ ಇಲ್ಲ. ಅಂದರೆ ತಿಂಗಳಿಗೆ 30 ದಿನ, ದಿನಕ್ಕೆ 12 ಗಂಟೆ, ಒಟ್ಟು 360 ಗಂಟೆ. ಗಂಟೆಗೆ ಬಿದ್ದದ್ದು 50 ರೂಪಾಯಿ. ಇನ್ನೊಂದು ಬೋರ್ಡಿನಲ್ಲಿ 16,900 ಇದೆ. ದಿನಕ್ಕೆ ಎಂಟು ಗಂಟೆ ಕೆಲಸ, ವಾರಕ್ಕೊಂದು ರಜೆ. ತಿಂಗಳಿಗೆ 26 ದಿನ, 208 ಗಂಟೆ. ಗಂಟೆಗೆ 81 ರೂಪಾಯಿ 25 ಪೈಸೆ. ಬೋರ್ಡಿನಲ್ಲಿ ಸಾವಿರದ ನೂರು ರೂಪಾಯಿ ಕಡಿಮೆ ಕಂಡ ಅಂಗಡಿಯೇ ಗಂಟೆಗೆ 31 ರೂಪಾಯಿ ಹೆಚ್ಚು ಕೊಡುತ್ತಿದೆ. ಮೊದಲ ಅಂಗಡಿಯ ಮಾಲೀಕರು ಸುಳ್ಳನ್ನೇನೂ ಬರೆದಿಲ್ಲ, ಗಂಟೆಯನ್ನು ಬರೆಯದೆ ಬಿಟ್ಟಿದ್ದಾರೆ ಅಷ್ಟೆ.

ಈ ಎರಡೂ ನಾನು ಲೆಕ್ಕದ ಸಲುವಾಗಿ ಇಟ್ಟುಕೊಂಡ ಅಂಕಿಗಳು. ಯಾವ ಕೆಲಸಕ್ಕೆ ಕನಿಷ್ಠ ಎಷ್ಟು ಕೂಲಿ ಕೊಡಬೇಕು ಎಂಬುದನ್ನು ಸರ್ಕಾರ ವಲಯವಾರು, ಕೌಶಲವಾರು ನಿಗದಿ ಮಾಡುತ್ತದೆ. ತುಟ್ಟಿಭತ್ಯೆ ಸೇರಿ ಅದು ಪ್ರತಿವರ್ಷ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ನಿಮ್ಮ ಊರು ಯಾವ ವಲಯಕ್ಕೆ ಬರುತ್ತದೆ, ಈ ವರ್ಷದ ದರ ಎಷ್ಟು ಎಂಬುದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ. ತಾತ್ಕಾಲಿಕ ಕೆಲಸ, ಹಬ್ಬದ ಕೆಲಸ, ಪಾರ್ಟ್ ಟೈಮ್ ಎಂಬ ಹೆಸರಿಟ್ಟು ಆ ದರಕ್ಕಿಂತ ಕೆಳಗೆ ಇಳಿಯಲು ಅವಕಾಶವಿಲ್ಲ.

ಪಿತೃಪಕ್ಷದಲ್ಲಿ ಸೇರಿಸಿಕೊಳ್ಳುವುದೇಕೆ?

ಬಟ್ಟೆ ಅಂಗಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ, ಏಕೆಂದರೆ ಹಬ್ಬದ ನೇಮಕಾತಿಯ ಏರಿಳಿತ ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಕ್ಯಾಲೆಂಡರ್ ಕಳೆದ ಸೀಸನ್ನಿನದು, ಅಂದರೆ 2025ರದು. ಸೆಪ್ಟೆಂಬರ್ 21 ಭಾನುವಾರ ಮಹಾಲಯ ಅಮಾವಾಸ್ಯೆ. 22ರ ಸೋಮವಾರ ನವರಾತ್ರಿ ಶುರು. ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. ನರಕ ಚತುರ್ದಶಿ ಅಕ್ಟೋಬರ್ 20, ಬಲಿಪಾಡ್ಯಮಿ 22.

ಪಿತೃಪಕ್ಷದಲ್ಲಿ ಹೊಸ ಬಟ್ಟೆ ಕೊಳ್ಳುವವರು ಕಡಿಮೆ. ಅಂಗಡಿ ಖಾಲಿ ಹೊಡೆಯುತ್ತಿರುತ್ತದೆ. ಆದರೆ ಗೋಡೌನ್ ಮಾತ್ರ ತುಂಬುತ್ತಿರುತ್ತದೆ. ಸೂರತ್ತಿನ ಸೀರೆ, ತಿರುಪ್ಪೂರಿನ ಬನಿಯನ್ನು, ಮಕ್ಕಳ ಸೆಟ್ಟುಗಳು ಬಂಡಲ್ ಬಂಡಲಾಗಿ ಬಂದು ಬೀಳುವ ಸಮಯ ಅದು. ತಿಳಿದ ಮಾಲೀಕರು ಹೊಸಬರನ್ನು ಅಮಾವಾಸ್ಯೆಗೆ ಒಂದು ವಾರ ಮೊದಲೇ ಕರೆಸಿಕೊಳ್ಳುತ್ತಾರೆ. ಬಂಡಲ್ ಬಿಚ್ಚುವುದು, ಟ್ಯಾಗ್ ಹಾಕುವುದು, ಸೈಜಿನ ಪ್ರಕಾರ ರ‍್ಯಾಕಿಗೆ ಜೋಡಿಸುವುದು, ಯಾವ ಸೀರೆ ಯಾವ ರೇಂಜಿನದು ಎಂದು ಕಣ್ಣಿಗೆ ಕೂರಿಸಿಕೊಳ್ಳುವುದು, ಇದೆಲ್ಲ ಆ ವಾರದಲ್ಲಿ ಆಗಬೇಕು. ಕಳೆದ ವರ್ಷ ಸೆಪ್ಟೆಂಬರ್ 22ರಿಂದಲೇ ಜಿಎಸ್‌ಟಿಯ ಹೊಸ ದರಗಳೂ ಜಾರಿಗೆ ಬಂದಿದ್ದರಿಂದ ಬೆಲೆ ಚೀಟಿ ಬದಲಿಸುವ ಕೆಲಸವೂ ಅದಕ್ಕೆ ಸೇರಿಕೊಂಡಿತ್ತು. ನವರಾತ್ರಿಯ ಮೊದಲ ದಿನವೇ ಹೊಸಬರನ್ನು ಕೌಂಟರಿಗೆ ನಿಲ್ಲಿಸಿದರೆ ಗಿರಾಕಿ ಕೇಳಿದ ಸೀರೆ ಹುಡುಕಲು ಹಳಬರನ್ನೇ ಕೂಗಬೇಕಾಗುತ್ತದೆ.

ತಕರಾರು ಹುಟ್ಟುವುದು ಇದೇ ಮೊದಲ ವಾರದಲ್ಲಿ. ‘ಅದು ಟ್ರೈನಿಂಗು, ಅದಕ್ಕೆ ಸಂಬಳ ಇಲ್ಲ’ ಎಂಬ ಮಾತು ಕೊನೆಯ ದಿನ ಹೊರಬರುತ್ತದೆ. ಬಂಡಲ್ ಹೊತ್ತಿದ್ದೂ ಟ್ಯಾಗ್ ಹಾಕಿದ್ದೂ ಕೆಲಸವೇ. ಕಲಿಯುವುದಕ್ಕೆಂದು ಅಂಗಡಿಯೇ ಕರೆಸಿ ಕೂರಿಸಿಕೊಂಡ ಸಮಯವೂ ಕೆಲಸದ ಸಮಯವೇ. ಹೀಗಾಗಿ ಸೇರುವ ದಿನಾಂಕದ ಜೊತೆಗೆ ‘ಸಂಬಳ ಎಣಿಕೆಯಾಗುವುದು ಯಾವ ದಿನದಿಂದ’ ಎಂಬುದು ಬೋರ್ಡಿನಲ್ಲೇ ಇರಬೇಕು. ಈ ಎರಡು ದಿನಾಂಕಗಳು ಬೇರೆಬೇರೆಯಾಗಿದ್ದರೆ ಅಲ್ಲೇ ನಿಂತು ಕೇಳಬೇಕು.

ಇನ್ನೊಂದು ತೊಂದರೆ ದಿನಾಂಕ ಮುಂದಕ್ಕೆ ಜಾರುವುದು. 15ಕ್ಕೆ ಬನ್ನಿ ಎಂದವರು ಮಾಲು ಬರುವುದು ತಡವಾಯಿತೆಂದು 19 ಎನ್ನುತ್ತಾರೆ, ಆಮೇಲೆ ‘ಫೋನ್ ಮಾಡ್ತೀವಿ, ಕಾಯ್ತಾ ಇರಿ’ ಎನ್ನುತ್ತಾರೆ. ಇದಕ್ಕಾಗಿ ಬೇರೆ ಕೆಲಸ ಬಿಟ್ಟವರ ವಾರದ ದುಡಿಮೆ ಹೋಯಿತು. ಅಂಗಡಿಗೂ ಇದು ನಷ್ಟವೇ, ಏಕೆಂದರೆ ಚುರುಕಿನ ಹುಡುಗಿ ಕಾಯುತ್ತ ಕೂರುವುದಿಲ್ಲ, ಎದುರಿನ ಅಂಗಡಿಗೆ ಹೋಗುತ್ತಾಳೆ. ದಿನಾಂಕವನ್ನು ಖಚಿತವಾಗಿ ಹೇಳಲಾಗದಿದ್ದರೆ ‘15 ಅಥವಾ 18, 12ರ ಸಂಜೆಯೊಳಗೆ ತಿಳಿಸುತ್ತೇವೆ’ ಎಂದು ಬರೆದರೂ ಸಾಕು, ಜನ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ.

ಕೊನೆಯ ದಿನಾಂಕ ಇದಕ್ಕಿಂತ ದೊಡ್ಡ ವಿಷಯ. ದಸರಾಕ್ಕೂ ದೀಪಾವಳಿಗೂ ನಡುವೆ ಒಂದು ತಗ್ಗು ಬರುತ್ತದೆ. ವಿಜಯದಶಮಿ ಮುಗಿದ ಮರುದಿನದಿಂದ ಏಳೆಂಟು ದಿನ ವ್ಯಾಪಾರ ತಣ್ಣಗಿರುತ್ತದೆ. ಕೊನೆಯ ದಿನಾಂಕ ಬರೆಯದ ಅಂಗಡಿಗಳಲ್ಲಿ ‘ನಾಳೆಯಿಂದ ಬರಬೇಡಿ, ಬೇಕಾದಾಗ ಕರೆಯುತ್ತೇವೆ’ ಎಂಬ ಮಾತು ಬರುವುದು ಆಗಲೇ. ಆರು ವಾರದ ಕೆಲಸ ಎಂದು ನಂಬಿ ಬಂದವರಿಗೆ ಮೂರು ವಾರಕ್ಕೇ ಬಾಗಿಲು ತೋರಿಸಿದಂತಾಗುತ್ತದೆ. ಈ ತಗ್ಗಿನಲ್ಲೂ ಜನರನ್ನು ಉಳಿಸಿಕೊಳ್ಳುವ ಅಂಗಡಿ ಅವರಿಗೆ ಬಾಕಿ ಇದ್ದ ರಜೆ ಕೊಡುತ್ತದೆ, ದಸರೆಯಲ್ಲಿ ಖಾಲಿಯಾದ ರ‍್ಯಾಕುಗಳನ್ನು ತುಂಬಿಸಿಕೊಳ್ಳುತ್ತದೆ, ದೀಪಾವಳಿಗೆ ಪಳಗಿದ ಕೈಗಳೇ ಕೌಂಟರಿನಲ್ಲಿರುತ್ತವೆ.

ಹೀಗೆ ಬರೆದರೆ ಸಾಕು

ಜಿಲ್ಲಾ ಕೇಂದ್ರವೊಂದರ ಎರಡು ಮಹಡಿಯ ಬಟ್ಟೆ ಅಂಗಡಿ ಎಂದುಕೊಳ್ಳಿ. ಕಾಯಂ ಕೆಲಸಗಾರರು 11 ಮಂದಿ. ಸೀಸನ್ನಿಗೆ ಕೌಂಟರಿಗೆ ಆರು ಮಂದಿ ಬೇಕು. ಆ ಅಂಗಡಿಯ ಪ್ರಕಟಣೆ ಹೀಗಿರಬಹುದು:

> ದಸರಾ–ದೀಪಾವಳಿ ಸೀಸನ್ನಿಗೆ ಸೇಲ್ಸ್ ಕೆಲಸಕ್ಕೆ 6 ಜನ ಬೇಕಾಗಿದ್ದಾರೆ. 18 ವರ್ಷ ತುಂಬಿರಬೇಕು.
> ಕೆಲಸ: ಸೆಪ್ಟೆಂಬರ್ 15ರಿಂದ ಅಕ್ಟೋಬರ್ 25ರವರೆಗೆ. ಕಲಿಕೆಯ ದಿನಗಳೂ ಸೇರಿ ಮೊದಲ ದಿನದಿಂದಲೇ ಸಂಬಳ.
> ಸಂಬಳ: ತಿಂಗಳಿಗೆ 16,900 ರೂ. (26 ದಿನದ ಲೆಕ್ಕ, ದಿನಕ್ಕೆ 650 ರೂ.)
> ಶಿಫ್ಟ್: ಬೆಳಿಗ್ಗೆ 9.30ರಿಂದ ಸಂಜೆ 6.30 ಅಥವಾ ಮಧ್ಯಾಹ್ನ 12.30ರಿಂದ ರಾತ್ರಿ 9.30. ಎರಡರಲ್ಲೂ ಒಂದು ಗಂಟೆ ಬಿಡುವು. ವಾರಕ್ಕೊಂದು ರಜೆ.
> ಹಬ್ಬದ ಜೋರಿನ ದಿನಗಳಲ್ಲಿ ದಿನಕ್ಕೆ ಹೆಚ್ಚೆಂದರೆ 2 ಗಂಟೆ ಓ.ಟಿ. ಓ.ಟಿ. ಗಂಟೆಗೆ 162.50 ರೂ. ಅಕ್ಟೋಬರ್ 2ರಂದು ಕೆಲಸ ಮಾಡಿದವರಿಗೆ ಎರಡು ಪಟ್ಟು ಕೂಲಿ.
> ಕೊನೆಯವರೆಗೂ ಕೆಲಸ ಮಾಡಿದವರಿಗೆ 2,000 ರೂ. ಹೆಚ್ಚುವರಿ. ಅಂಗಡಿಯೇ ಮೊದಲು ಬಿಡಿಸಿದರೆ ದುಡಿದ ದಿನಗಳಿಗೆ ತಕ್ಕಷ್ಟು.
> ಬಟವಾಡೆ: ಸೆಪ್ಟೆಂಬರ್ ಸಂಬಳ ಅಕ್ಟೋಬರ್ 7ರೊಳಗೆ, ಉಳಿದದ್ದು ಅಕ್ಟೋಬರ್ 27ರೊಳಗೆ, ಬ್ಯಾಂಕ್ ಖಾತೆಗೆ.
> ರಾತ್ರಿ ಶಿಫ್ಟಿನ ಮಹಿಳೆಯರನ್ನು ಮನೆಗೆ ಬಿಡುವ ವ್ಯವಸ್ಥೆ ಇದೆ. ಡೆಪಾಸಿಟ್ ಇಲ್ಲ, ಯೂನಿಫಾರ್ಮಿಗೆ ಹಣವಿಲ್ಲ.

ಒಂದು ಎ4 ಹಾಳೆಯಲ್ಲಿ ಹಿಡಿಯುವಷ್ಟೇ ಇದೆ. ಇದರ ಪ್ರತಿ ಸಾಲಿನ ಹಿಂದೆಯೂ ಒಂದೊಂದು ಹಳೆಯ ಜಗಳವಿದೆ. ಒಂದೆರಡನ್ನು ಬಿಡಿಸಿ ಹೇಳುತ್ತೇನೆ.

26 ದಿನದ ಲೆಕ್ಕ ಎಂಬುದನ್ನು ಬರೆಯದಿದ್ದರೆ ಏನಾಗುತ್ತದೆ? ಸೆಪ್ಟೆಂಬರ್ 15ಕ್ಕೆ ಸೇರಿದವರಿಗೆ ಮೊದಲ ತಿಂಗಳು ಪೂರ್ತಿ ಇಲ್ಲ, ಆದ್ದರಿಂದ ದಿನದ ದರ ಕಟ್ಟಲೇಬೇಕು. ಕ್ಯಾಷಿಯರ್ 16,900ನ್ನು 30ರಿಂದ ಭಾಗಿಸಿದರೆ ದಿನಕ್ಕೆ 563 ರೂಪಾಯಿ, 26ರಿಂದ ಭಾಗಿಸಿದರೆ 650. ತಿಂಗಳ ಸಂಬಳದಲ್ಲಿ ವಾರದ ರಜೆಯ ಕೂಲಿಯೂ ಅಡಗಿರುತ್ತದೆ. 26ರಿಂದ ಭಾಗಿಸಿದಾಗ ಅದು ಕೆಲಸದ ದಿನಗಳಿಗೆ ಹಂಚಿಹೋಗುತ್ತದೆ. 30ರಿಂದ ಭಾಗಿಸುವುದಾದರೆ ರಜೆಯ ದಿನಗಳನ್ನೂ ಎಣಿಸಿ ಕೊಡಬೇಕು. 30ರಿಂದ ಭಾಗಿಸಿ, ಕೆಲಸ ಮಾಡಿದ ದಿನಗಳನ್ನು ಮಾತ್ರ ಎಣಿಸುವುದು ಮೋಸ. ದಿನಕ್ಕೆ 87 ರೂಪಾಯಿಯಂತೆ ಸೀಸನ್ ಪೂರ್ತಿ ಸೋರಿದರೂ ಕೆಲಸಗಾರರ ಗಮನಕ್ಕೆ ಬರುವುದಿಲ್ಲ.

ಶಿಫ್ಟಿನ ಸಮಯ ಹೇಗೆ ಬಂತು ಎನ್ನುವುದೂ ತಿಳಿಯಬೇಕಾದದ್ದೇ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಮೀರಿ ಕೆಲಸ ಮಾಡಿಸಬಾರದು. ಓ.ಟಿ. ಸೇರಿದರೂ ದಿನಕ್ಕೆ ಹತ್ತು ಗಂಟೆ ದಾಟುವಂತಿಲ್ಲ, ಮೂರು ತಿಂಗಳಲ್ಲಿ ಒಟ್ಟು ಓ.ಟಿ. 50 ಗಂಟೆ ದಾಟುವಂತಿಲ್ಲ, ಮತ್ತು ಆ ಗಂಟೆಗಳಿಗೆ ಎರಡು ಪಟ್ಟು ದರ. ಸತತ ಐದು ಗಂಟೆ ಕೆಲಸವಾದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಲೇಬೇಕು. ಬೆಳಗಿನ ಶಿಫ್ಟಿನವರಿಗೆ ಮಾಮೂಲಿ ದಿನ ಒಂದೂವರೆಗೆ ಊಟ ಬಿಟ್ಟರೆ ಸರಿಹೋಗುತ್ತದೆ. ಆದರೆ ಅದೇ ಜನರನ್ನು ಓ.ಟಿ.ಗೆಂದು ರಾತ್ರಿ ಎಂಟೂವರೆಯವರೆಗೆ ನಿಲ್ಲಿಸಿಕೊಂಡರೆ ಊಟದ ನಂತರ ಸತತ ಆರು ಗಂಟೆ ನಿಂತಂತಾಯಿತು. ಅಂಥ ದಿನ ಊಟವನ್ನು ಎರಡೂವರೆಗೆ ಹಾಕಬೇಕು. ಆಗ ಊಟಕ್ಕೆ ಮೊದಲು ಐದು ಗಂಟೆ, ಆಮೇಲೆ ಐದು ಗಂಟೆ. ಮೊದಲೇ ತಿಳಿಸಿದ್ದರೆ ಹುಡುಗಿಯರು ಹನ್ನೊಂದಕ್ಕೆ ಏನಾದರೂ ಬಾಯಿಗೆ ಹಾಕಿಕೊಂಡಿರುತ್ತಾರೆ. ಸೀರೆ ಅಂಗಡಿಯಲ್ಲಿ ಇಡೀ ದಿನ ನಿಂತವರಿಗೆ ಇದು ಸಣ್ಣ ಮಾತಲ್ಲ.

ಬಟ್ಟೆ ಅಂಗಡಿಗೆ ಸಂಜೆ ಐದರಿಂದ ಎಂಟೂವರೆಯವರೆಗೇ ಹೆಚ್ಚು ಜನ. ಮಾಲೀಕರು ‘ಎಲ್ಲರೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇರಲಿ’ ಎನ್ನುವುದು ಈ ಮೂರೂವರೆ ಗಂಟೆಗಾಗಿ. ಎರಡು ಶಿಫ್ಟುಗಳನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಒಂದರ ಮೇಲೊಂದು ಬರುವಂತೆ ಹಾಕಿ, ಜೋರಿನ ದಿನಗಳಲ್ಲಿ ಮಾತ್ರ ಬೆಳಗಿನವರನ್ನು ಎರಡು ಗಂಟೆ ಉಳಿಸಿಕೊಂಡರೆ ಅದೇ ಕೆಲಸ ಕಾನೂನಿನ ಒಳಗೇ ಆಗುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಹದಿನೇಳು ಜನ ಕೌಂಟರಿನಲ್ಲಿ ಆಕಳಿಸುವ ಅಗತ್ಯವೂ ಬೀಳುವುದಿಲ್ಲ.

ಈಗ ಈ ಪ್ರಕಟಣೆಯ ಪ್ರಕಾರ ಒಬ್ಬರಿಗೆ ಸಿಗುವುದೆಷ್ಟು ನೋಡೋಣ. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 25ಕ್ಕೆ 41 ದಿನ. ಐದು ವಾರದ ರಜೆ ಕಳೆದರೆ ಕೆಲಸದ ದಿನ 36. ದಿನಕ್ಕೆ 650ರಂತೆ 23,400 ರೂಪಾಯಿ. ದಸರೆಯ ಮುಂಚೆ ಆರು ದಿನ, ದೀಪಾವಳಿಯ ಮುಂಚೆ ಆರು ದಿನ ಎರಡೆರಡು ಗಂಟೆ ಓ.ಟಿ. ಮಾಡಿದರೆ 24 ಗಂಟೆ, ಅದಕ್ಕೆ 3,900. ಅಕ್ಟೋಬರ್ 2 ಗಾಂಧಿ ಜಯಂತಿ, ರಾಜ್ಯದ ಕಾಯ್ದೆಯಲ್ಲೇ ಹೆಸರಿಸಿದ ರಾಷ್ಟ್ರೀಯ ರಜೆ. ಆ ವರ್ಷ ವಿಜಯದಶಮಿಯೂ ಅದೇ ದಿನ ಬಂದಿತ್ತು. ಅಂದು ಬಂದವರಿಗೆ ಇನ್ನೊಂದು 650. ಕೊನೆಯವರೆಗೆ ನಿಂತದ್ದಕ್ಕೆ 2,000. ಎಲ್ಲ ಕೂಡಿ 29,950. ಇದರಲ್ಲಿ ಇ.ಎಸ್.ಐ.ಗೆ ಕೆಲಸಗಾರರ ಪಾಲು ಶೇ 0.75, ಅಂದರೆ 200 ರೂಪಾಯಿಗೂ ಸ್ವಲ್ಪ ಮೇಲೆ ಕಡಿತವಾಗುತ್ತದೆ.

ಆ ಇ.ಎಸ್.ಐ. ಕಡಿತದ ಬಗ್ಗೆ ಬೇಸರಿಸಿಕೊಳ್ಳಬಾರದು. ಮಾಲೀಕರ ಪಾಲು ಶೇ 3.25 ಅದಕ್ಕೆ ಸೇರುತ್ತದೆ. ಕಾಯಿಲೆ ರಜೆಯ ಭತ್ಯೆಗೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವಿದೆ, ಹಬ್ಬದ ಕೆಲಸಗಾರರು ಅಷ್ಟು ದಿನ ಮುಟ್ಟುವುದು ಕಷ್ಟ. ಆದರೆ ಕೆಲಸದ ವೇಳೆ ಆಗುವ ಅಪಘಾತಕ್ಕೆ ಆ ನಿಯಮವಿಲ್ಲ, ಮೊದಲ ದಿನವೇ ಏಣಿಯಿಂದ ಬಿದ್ದರೂ ರಕ್ಷಣೆ ಇದೆ. ಮೇಲಿನ ರ‍್ಯಾಕಿನಿಂದ ಬಂಡಲ್ ಇಳಿಸುವಾಗ ಕಾಲು ಜಾರುವುದು ಬಟ್ಟೆ ಅಂಗಡಿಯಲ್ಲಿ ಅಪರೂಪವೇನಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ದೊಡ್ಡ ಅಂಗಡಿಗಳಲ್ಲಿ ಪಿ.ಎಫ್. ಕೂಡ ಕಡಿತವಾಗುತ್ತದೆ, ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ.

ಇಷ್ಟು ಬರೆಯಲು ಮಾಲೀಕರು ಹಿಂಜರಿಯುವುದಕ್ಕೆ ಒಂದು ನಿಜವಾದ ಕಾರಣವಿದೆ, ಅದನ್ನೂ ಹೇಳಬೇಕು. ಹೊರಗಿನ ಬೋರ್ಡಿನಲ್ಲಿ 16,900 ಎಂದು ಬರೆದರೆ ಆರೇಳು ವರ್ಷದಿಂದ ದುಡಿಯುತ್ತಿರುವ ಹಳಬರು ಅದನ್ನು ಓದುತ್ತಾರೆ. ಅವರ ಸಂಬಳ ಅದಕ್ಕಿಂತ ಕಡಿಮೆ ಇದ್ದರೆ ಮರುದಿನವೇ ಕ್ಯಾಷ್ ಕೌಂಟರಿನ ಮುಂದೆ ನಿಲ್ಲುತ್ತಾರೆ. ‘ಅನುಭವಕ್ಕೆ ತಕ್ಕ ಸಂಬಳ’ ಎಂಬ ಸಾಲು ಹಲವು ಕಡೆ ಈ ಭಯದಿಂದ ಹುಟ್ಟಿದ್ದು. ಆದರೆ ಹೊಸಬರೂ ಹಳಬರೂ ಒಂದೇ ಡಬ್ಬಿಯಿಂದ ಊಟ ಹಂಚಿಕೊಳ್ಳುವ ಕಡೆ ಸಂಬಳದ ಗುಟ್ಟು ಮೂರು ದಿನವೂ ನಿಲ್ಲುವುದಿಲ್ಲ. ಹಳಬರ ಸಂಬಳವನ್ನು ಸೀಸನ್ನಿಗೆ ಮೊದಲೇ ಸರಿಮಾಡಿ ಬೋರ್ಡು ಹಾಕುವುದೊಂದೇ ಇದಕ್ಕಿರುವ ದಾರಿ.

ಬೈಕಿನ ಮೇಲಿನ ಲೆಕ್ಕ ಬೇರೆ

ಡೆಲಿವರಿ ಕೆಲಸಕ್ಕೆ ಬಂದರೆ ತಿಂಗಳ ಸಂಬಳದ ಮಾತು ಕಡಿಮೆ, ಪಾರ್ಸೆಲ್ ಲೆಕ್ಕವೇ ಹೆಚ್ಚು. 2025ರ ಸೀಸನ್ನಿಗೆ ಫ್ಲಿಪ್‌ಕಾರ್ಟ್ 2.2 ಲಕ್ಷಕ್ಕೂ ಹೆಚ್ಚು, ಅಮೆಜಾನ್ 1.5 ಲಕ್ಷಕ್ಕೂ ಹೆಚ್ಚು ತಾತ್ಕಾಲಿಕ ಕೆಲಸಗಳನ್ನು ಪ್ರಕಟಿಸಿದ್ದವು. ಎರಡರ ಹಬ್ಬದ ಮಾರಾಟವೂ ಸೆಪ್ಟೆಂಬರ್ 23ಕ್ಕೆ ಶುರುವಾಯಿತು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಈ ಲಕ್ಷಗಳ ಲೆಕ್ಕ. ನಮ್ಮ ಊರಿನ ಹಬ್ಬಿನ ಗೇಟಿನ ಮುಂದೆ ಬೈಕ್ ನಿಲ್ಲಿಸಿದ ಹುಡುಗನಿಗೆ ಬೇಕಾಗಿರುವುದು ಒಂದು ಡ್ರಾಪಿಗೆ ಎಷ್ಟು ಎಂಬ ಲೆಕ್ಕ.

‘ದಿನಕ್ಕೆ 1,200ರವರೆಗೆ ಗಳಿಸಿ’ ಎಂಬ ಪ್ರಕಟಣೆಯನ್ನು ಬಿಡಿಸೋಣ. ಪಾರ್ಸೆಲ್ಲಿಗೆ 15 ರೂಪಾಯಿ ಎಂದಿಟ್ಟುಕೊಂಡರೆ 1,200ಕ್ಕೆ 80 ಪಾರ್ಸೆಲ್ ಮುಟ್ಟಿಸಬೇಕು. ಮಾರಾಟದ ಮೊದಲ ನಾಲ್ಕು ದಿನ ಅಷ್ಟು ಸಿಕ್ಕೀತು. ಉಳಿದ ದಿನಗಳಲ್ಲಿ 60 ಸಿಕ್ಕಿತೆನ್ನಿ. ಅದರಲ್ಲಿ ಮನೆ ಬೀಗ ಹಾಕಿದವರು, ಫೋನ್ ಎತ್ತದವರು, ಬಾಗಿಲಲ್ಲಿ ನಿಂತು ‘ಬೇಡ, ವಾಪಸ್ ತಗೊಂಡು ಹೋಗು’ ಎಂದವರು ಸೇರಿ ಎಂಟು ವಾಪಸ್ಸು. ಕೈಗೆ ಬಂದದ್ದು 52 ಪಾರ್ಸೆಲ್ಲಿನ 780 ರೂಪಾಯಿ. 50 ಕಿಲೋಮೀಟರ್ ಓಡಿಸಿದ್ದಕ್ಕೆ, ನಿಂತು ನಿಂತು ಹೋಗುವ ಬೈಕು ಲೀಟರಿಗೆ 40 ಕೊಟ್ಟರೆ, ಪೆಟ್ರೋಲಿಗೆ ಸುಮಾರು 130. ಟಯರು, ಆಯಿಲು, ಬ್ರೇಕಿಗೆಂದು ದಿನಕ್ಕೆ 50 ತೆಗೆದಿಡಲೇಬೇಕು. ಉಳಿದದ್ದು 600. ಬೆಳಿಗ್ಗೆ ಹಬ್ಬಿನಲ್ಲಿ ಲೋಡ್ ವಿಂಗಡಿಸಲು, ಸಂಜೆ ಕ್ಯಾಷ್ ಕಟ್ಟಲು ಕಾದ ಸಮಯವನ್ನೂ ಸೇರಿಸಿದರೆ ಹತ್ತು ಗಂಟೆ. ಗಂಟೆಗೆ 60 ರೂಪಾಯಿ. ಬಟ್ಟೆ ಅಂಗಡಿಯ 81 ರೂಪಾಯಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ‘ದಿನಕ್ಕೆ 1,200’ ಎಂಬುದರ ತೂಕ ತಿಳಿಯುತ್ತದೆ.

ಡೆಲಿವರಿ ಪ್ರಕಟಣೆಯಲ್ಲಿ ‘ವರೆಗೆ’ ಎಂಬುದನ್ನು ತೆಗೆದುಹಾಕಿ ಕನಿಷ್ಠ ಗ್ಯಾರಂಟಿಯನ್ನು ಬರೆಯಬೇಕು: ಹಬ್ಬಿಗೆ ಹೊತ್ತಿಗೆ ಸರಿಯಾಗಿ ಬಂದು ಪೂರ್ತಿ ಶಿಫ್ಟ್ ನಿಂತವನಿಗೆ, ಪಾರ್ಸೆಲ್ ಕಡಿಮೆ ಇದ್ದ ದಿನವೂ ಇಷ್ಟು. ದಸರಾ–ದೀಪಾವಳಿ ನಡುವಿನ ತಗ್ಗಿನಲ್ಲಿ ಡೆಲಿವರಿ ಹುಡುಗರನ್ನು ಕಾಯುವುದು ಇದೊಂದೇ. ಗಿರಾಕಿಯ ಕಾರಣಕ್ಕೆ ವಾಪಸ್ಸಾದ ಪಾರ್ಸೆಲ್ಲಿಗೆ ಪೂರ್ತಿಯೋ ಅರ್ಧವೋ ಏನೂ ಇಲ್ಲವೋ, ಪೆಟ್ರೋಲ್ ಯಾರದು, ಇನ್ಸೆಂಟಿವ್ ಸಿಗುವುದು ಎಷ್ಟನೆಯ ಪಾರ್ಸೆಲ್ಲಿನಿಂದ ಎಂಬುದೂ ಬರಹದಲ್ಲಿರಬೇಕು. ಕ್ಯಾಷ್ ಆನ್ ಡೆಲಿವರಿಯ ಹಣವನ್ನು ಸಂಜೆ ಕಟ್ಟಿದ ಕೂಡಲೇ ರಸೀದಿಯೋ ಆ್ಯಪಿನಲ್ಲಿ ಎಂಟ್ರಿಯೋ ಆಗಬೇಕು. ಸೀಸನ್ ಕೊನೆಯಲ್ಲಿ ‘ಶಾರ್ಟೇಜ್’ ಎಂದು ಕಡಿತವಾಗುವ ದುಡ್ಡು ಬಹುಪಾಲು ರಸೀದಿ ಪಡೆಯದ ಸಂಜೆಗಳದ್ದು.

ಬೈಕಿನ ವಿಮೆಯ ಕಡೆ ಹೆಚ್ಚಿನವರು ನೋಡುವುದೇ ಇಲ್ಲ. ಮನೆ ಬಳಕೆಗೆಂದು ಮಾಡಿಸಿದ ವಿಮೆಯ ಬೈಕನ್ನು ಕೂಲಿ ಕೆಲಸಕ್ಕೆ ಓಡಿಸುವಾಗ ಅಪಘಾತವಾದರೆ, ವಿಮಾ ಕಂಪನಿ ಕ್ಲೇಮಿಗೆ ತಕರಾರು ತೆಗೆಯಬಹುದು. ಕೆಲಸ ಕೊಡುವವರು ಸವಾರನಿಗೆ ಅಪಘಾತ ವಿಮೆ ಮಾಡಿಸಿದ್ದಾರೆಯೇ, ಪಾಲಿಸಿಯ ಪ್ರತಿ ಸಿಗುತ್ತದೆಯೇ ಎಂದು ಸೇರುವ ಮೊದಲೇ ಕೇಳಬೇಕು. ಡಿ.ಎಲ್. ಇಲ್ಲದವರನ್ನು, ಎಲ್.ಎಲ್.ಆರ್. ಮಾತ್ರ ಇರುವವರನ್ನು ‘ಹಬ್ಬದ ಮಟ್ಟಿಗೆ’ ಸೇರಿಸಿಕೊಳ್ಳುವ ಕಡೆ ಹೋಗಲೇಬಾರದು. ಏನಾದರೂ ಆದರೆ ಹೊರೆಯೆಲ್ಲ ಹುಡುಗನ ಮೇಲೆಯೇ ಬೀಳುತ್ತದೆ.

ಆ್ಯಪ್ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ಕೆಲಸದ ಒಪ್ಪಂದ ಸರಳ ಭಾಷೆಯಲ್ಲಿರಬೇಕು, ಷರತ್ತು ಬದಲಿಸುವುದಾದರೆ 14 ದಿನ ಮೊದಲು ತಿಳಿಸಬೇಕು ಎಂದು ಅದು ಹೇಳುತ್ತದೆ. ನಾಲ್ಕೈದು ವಾರದ ಹಬ್ಬದ ಕೆಲಸದಲ್ಲಿ 14 ದಿನ ಎಂದರೆ ಅರ್ಧ ಸೀಸನ್. ಸೇರುವಾಗ ತೋರಿಸಿದ ರೇಟ್ ಕಾರ್ಡ್ ಮಾರಾಟದ ನಡುವೆ ರಾತ್ರೋರಾತ್ರಿ ಇಳಿದರೆ ಕೇಳುವ ಹಕ್ಕು ಇದೆ. ಕೇಳಲು ಆಧಾರ ಬೇಕು, ಆದ್ದರಿಂದ ಮೊದಲ ದಿನದ ರೇಟ್ ಕಾರ್ಡಿನ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ.

ಕಾಗದ ಕೇಳುವುದು ಮೊದಲ ದಿನ

ಅಂಗಡಿ ಕಾಯ್ದೆಯ 6ಎ ಕಲಂ ಪ್ರಕಾರ ಕೆಲಸಕ್ಕೆ ಸೇರಿಸಿಕೊಂಡವರಿಗೆ ಹೆಸರು, ಹುದ್ದೆ, ಸಂಬಳ, ಷರತ್ತುಗಳಿರುವ ನೇಮಕಾತಿ ಪತ್ರ ಕೊಡಲೇಬೇಕು. ಆದರೆ ಅದಕ್ಕೆ ಕಾಯ್ದೆ ಕೊಟ್ಟಿರುವ ಗಡುವು 30 ದಿನ. ನಮ್ಮ ಉದಾಹರಣೆಯ ಕೆಲಸ ಇರುವುದೇ 41 ದಿನ. ಸೆಪ್ಟೆಂಬರ್ 15ಕ್ಕೆ ಸೇರಿದವರಿಗೆ ಅಕ್ಟೋಬರ್ ನಡುವಿನಲ್ಲಿ, ದೀಪಾವಳಿಯ ಗದ್ದಲದಲ್ಲಿ ಪತ್ರ ಕೊಟ್ಟರೂ ಕಾನೂನು ಪಾಲಿಸಿದಂತೆಯೇ. ಅಷ್ಟರಲ್ಲಿ ಜಗಳವಾಗುವುದಿದ್ದರೆ ಆಗಿಹೋಗಿರುತ್ತದೆ. ಕಾಯಂ ಕೆಲಸಕ್ಕೆಂದು ಬರೆದ ಈ ಗಡುವು ಹಬ್ಬದ ಕೆಲಸಕ್ಕೆ ಉಪಯೋಗಕ್ಕೆ ಬಾರದು. ಅದಕ್ಕೇ ಬೋರ್ಡಿನಲ್ಲಿರುವ ಪ್ರಕಟಣೆಯನ್ನೇ ಮೊದಲ ದಿನ ಎರಡು ಪ್ರತಿ ತೆಗೆದು, ಅಂಗಡಿಯ ಸೀಲು ಹಾಕಿ, ಇಬ್ಬರೂ ಸಹಿ ಮಾಡಿ ಒಂದೊಂದು ಇಟ್ಟುಕೊಳ್ಳುವುದು ಒಳ್ಳೆಯದು. ಅಂಗಡಿಯವರು ಸಹಿಗೆ ಹಿಂದೇಟು ಹಾಕಿದರೆ ಬೋರ್ಡಿನ ಫೋಟೊ ತೆಗೆದುಕೊಳ್ಳಿ. ‘ಅಣ್ಣಾ, 15ರಿಂದ ಬೆಳಗಿನ ಶಿಫ್ಟಿಗೆ ಬರ್ತೀನಿ, ದಿನಕ್ಕೆ 650 ಅಂತ ಮಾತಾಗಿದೆ’ ಎಂದು ಮ್ಯಾನೇಜರ್‌ಗೆ ವಾಟ್ಸ್‌ಆ್ಯಪ್ ಸಂದೇಶ ಕಳಿಸಿ. ಅದಕ್ಕೆ ‘ಸರಿ’ ಎಂದು ಬಂದ ಉತ್ತರವೂ ಒಂದು ದಾಖಲೆಯೇ. ಬಂದ ಹೊತ್ತು, ಹೋದ ಹೊತ್ತನ್ನು ದಿನವೂ ಬರೆದಿಡಿ, ಓ.ಟಿ. ಲೆಕ್ಕ ಹರಿಯುವುದು ಅದರಿಂದಲೇ.

ಹಣ ಕೇಳುವವರ ವಿಚಾರ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಕೆಲಸ ಕೊಡುವವರು ರಿಜಿಸ್ಟ್ರೇಷನ್ನಿಗೆ, ಬ್ಯಾಗಿಗೆ, ಟೀ ಶರ್ಟಿಗೆ ಎಂದು ಮೊದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬರಬೇಕು, ಫೋನಿನಲ್ಲಿ ಕಳಿಸಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿಯನ್ನು ಯಾರ ಬಳಿಯೂ ಬಿಡಬಾರದು, ನೋಡಿ ವಾಪಸ್ ಕೊಡಲಿ.

ಇನ್ನುಳಿದದ್ದು ಕೊನೆಯ ಬಟವಾಡೆ. ದೀಪಾವಳಿ ಮುಗಿದ ಮೇಲೆ ‘ಮುಂದಿನ ತಿಂಗಳು ಹತ್ತಕ್ಕೆ ಬಾ, ಎಲ್ಲರ ಜೊತೆ ಕೊಡ್ತೀವಿ’ ಎನ್ನುವುದು ವಾಡಿಕೆಯ ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರಿಗೂ ಬಿಡಿಸಿದವರಿಗೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಮ್ಮ ಪ್ರಕಟಣೆಯಲ್ಲಿ 25ರ ಶನಿವಾರ ಕೆಲಸ ಮುಗಿದು 27ರ ಸೋಮವಾರದೊಳಗೆ ಹಣ ಎಂದು ಬರೆದದ್ದು ಇದೇ ಅಳತೆಗೆ. ಹಣದ ಜೊತೆಗೆ ಲೆಕ್ಕದ ಚೀಟಿಯೂ ಬೇಕು: ಎಷ್ಟು ದಿನ, ಎಷ್ಟು ಓ.ಟಿ. ಗಂಟೆ, ರಜೆ ದಿನದ ಕೂಲಿ ಎಷ್ಟು, ಕಡಿತ ಯಾವುದಕ್ಕೆ. ಚೀಟಿಗೂ ನೀವು ಬರೆದಿಟ್ಟ ಪುಸ್ತಕಕ್ಕೂ ತಾಳೆಯಾಗದಿದ್ದರೆ ಮೊದಲು ಮ್ಯಾನೇಜರ್ ಜೊತೆ ಕೂತು ನೋಡಿ, ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಬೋರ್ಡಿನ ಫೋಟೊ, ವಾಟ್ಸ್‌ಆ್ಯಪ್ ಸಂದೇಶ, ಹಾಜರಿಯ ಪುಟಗಳ ಪ್ರತಿಯನ್ನು ಲಗತ್ತಿಸಿ ಕೊಡಬಹುದು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು. ಇ.ಎಸ್.ಐ. ನಂಬರನ್ನು ಬರೆದುಕೊಂಡು ಬನ್ನಿ, ಮುಂದಿನ ಮದುವೆ ಸೀಸನ್ನಿನಲ್ಲಿ ಬೇರೆ ಅಂಗಡಿಗೆ ಸೇರಿದಾಗಲೂ ಅದೇ ನಂಬರ್ ಮುಂದುವರಿಯುತ್ತದೆ.